‘ದಕ್ಷತಾ ವೇತನ’ ಸರಿಯಾದ ಪದವೇ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಮಾರುಕಟ್ಟೆಯಲ್ಲಿ ನಡೆಯುವ ಸಂಬಳಕ್ಕಿಂತ ಜಾಸ್ತಿಯನ್ನು ಮಾಲೀಕ ತಾನಾಗಿಯೇ ಕೊಟ್ಟರೆ, ಅರ್ಥಶಾಸ್ತ್ರದಲ್ಲಿ ಅದನ್ನು ‘ಎಫಿಶಿಯೆನ್ಸಿ ವೇಜ್’ ಅನ್ನುತ್ತಾರೆ. ನಾನು ‘ದಕ್ಷತಾ ವೇತನ’ ಅಂತ ಬರೆದೆ. ಓದಿದವರು ‘ಚೆನ್ನಾಗಿ ದುಡಿದವರಿಗೆ ಕೊಡುವ ದುಡ್ಡು’ ಅಂದುಕೊಂಡರು. ಬೇರೆ ಪದ ಇದೆಯಾ?

ರಾಯಚೂರಿನಿಂದ:
ಇದು ಇನ್ಸೆಂಟಿವ್ ಅಲ್ವಾ? ‘ಪ್ರೋತ್ಸಾಹಧನ’ ಇದ್ದೇ ಇದೆ. ದುಡ್ಡು ಜಾಸ್ತಿ ಸಿಕ್ಕರೆ ಜನ ಮನಸ್ಸಿಟ್ಟು ದುಡಿಯುತ್ತಾರೆ. ಸುಮ್ನೆ ಹೊಸ ಪದ ಯಾಕೆ?

ಬಳ್ಳಾರಿಯಿಂದ, ಜೀನ್ಸ್ ಯೂನಿಟ್ಟುಗಳ ಲೆಕ್ಕ ಬರೆಯುವವರು:
ಮನಸ್ಸಿಟ್ಟು ದುಡಿಯುವುದು ನಿಜ ಸರ್. ಆದರೆ ಪ್ರೋತ್ಸಾಹಧನ ಕೆಲಸ ಆದ ಮೇಲೆ, ಅದನ್ನು ಅಳೆದು ಕೊಡುವಂಥದ್ದು. ಹೊಲಿಯುವವರಿಗೆ ಪೀಸ್ ಲೆಕ್ಕ ಇದೆ. ಎಷ್ಟು ಹೊಲಿದರೋ ಅಷ್ಟು ದುಡ್ಡು, ಅಲ್ಲಿ ಮೇಲೆ ಕೊಡುವ ಅಗತ್ಯ ಕಡಿಮೆ. ಕಟಿಂಗ್ ಮಾಸ್ಟರ್ ವಿಷಯ ಬೇರೆ. ಬಟ್ಟೆಯನ್ನು 60 ಪದರ ಹಾಸಿ ಒಂದೇ ಸಲ ಕತ್ತರಿಸುತ್ತಾರೆ ಅಂದುಕೊಳ್ಳಿ. ಒಂದು ಪದರಕ್ಕೆ 4 ಪ್ಯಾಂಟ್ ಅಂದರೆ ಒಟ್ಟು 240. ಕೈ ಜಾರಿದರೆ ಸುಮಾರು 300 ಮೀಟರ್ ಬಟ್ಟೆ ಹೋಯಿತು. ಮೀಟರಿಗೆ 150 ರೂಪಾಯಿ ಹಿಡಿದರೂ 45,000. ಅವನು ಗಮನ ಕೊಟ್ಟನೋ ಇಲ್ಲವೋ ಅಂತ ಪಕ್ಕದಲ್ಲಿ ನಿಂತು ನೋಡುತ್ತಾ ಇರಲು ಆಗುವುದಿಲ್ಲ. ಬೇರೆ ಕಡೆ 18,000 ಇರುವಾಗ ಮಾಲೀಕ 22,000 ಕೊಟ್ಟರೆ, ವರ್ಷಕ್ಕೆ ಹೆಚ್ಚಾಗುವುದು 48,000. ಒಂದು ಹಾಸು ಉಳಿದರೆ ಹೆಚ್ಚುಕಡಿಮೆ ಸರಿಹೋಯಿತು. ಇಲ್ಲಿ ಕೆಲಸ ಹೋದರೆ ಇಂಥದ್ದು ಇನ್ನೊಂದು ಸಿಗಲ್ಲ ಅನ್ನೋದು ಅವನಿಗೆ ಗೊತ್ತು. ಎಚ್ಚರ ಬರುವುದು ಅದರಿಂದ.

ಗಂಗಾವತಿಯಿಂದ:
ನಮ್ಮ ರೈಸ್‌ಮಿಲ್ಲಿನಲ್ಲಿ ಹಮಾಲರಿಗೆ ಮುಂಗಡ ಕೊಡುತ್ತೇವೆ. ಹಂಗಾಮು ಮುಗಿಯೋವರೆಗೆ ಬಿಟ್ಟು ಹೋಗಲ್ಲ. ಅದೂ ಇದೇ ತಾನೆ?

ಲೆಕ್ಕದವರು:
ಅಲ್ಲಣ್ಣ, ಅದು ಸಾಲದ ಕಟ್ಟು. ಇದರಲ್ಲಿ ಅವನು ಯಾವಾಗ ಬೇಕಾದರೂ ಹೋಗಬಹುದು, ಆದರೂ ಹೋಗಲ್ಲ. ಹೆನ್ರಿ ಫೋರ್ಡ್ 1914ರಲ್ಲಿ ದಿನಕ್ಕೆ 5 ಡಾಲರ್ ಅಂತ ಘೋಷಿಸಿದ್ದಕ್ಕೂ ಜನ ಬಿಟ್ಟು ಹೋಗುತ್ತಿದ್ದುದು ಒಂದು ದೊಡ್ಡ ಕಾರಣ. ಹಿಂದಿನ ವರ್ಷ ಸುಮಾರು 14,000 ಕೆಲಸಗಾರರನ್ನು ಉಳಿಸಿಕೊಳ್ಳಲು 52,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಗಿತ್ತು.

ರಾಯಚೂರಿನಿಂದ:
ಒಳ್ಳೆ ಮಾಸ್ಟರ್ ಸಿಗುವುದೇ ಅಪರೂಪ, ಅದಕ್ಕೇ 22,000 ಅಂತ ಯಾಕೆ ಹೇಳಬಾರದು?

ಲೆಕ್ಕದವರು:
ಹೇಳಬಹುದು. ಹಾಗಿದ್ದರೆ ಅದು ಮಾರುಕಟ್ಟೆ ದರವೇ. ಅಷ್ಟೇ ಕೆಲಸ ಬರುವವನು ಬಾಗಿಲಿಗೆ ಬಂದು ‘18,000ಕ್ಕೆ ಮಾಡ್ತೀನಿ’ ಅಂದರೂ ಮಾಲೀಕ ಇರುವವನ ಸಂಬಳ ಇಳಿಸದಿದ್ದರೆ ಮಾತ್ರ ಇದು ಆ ಲೆಕ್ಕ. ನನಗೆ ಕಸಿವಿಸಿ ಆಗೋದೂ ಅಲ್ಲೇ. ಬಂದವನು ಕೆಲಸ ಇಲ್ಲದೆ ವಾಪಸ್ ಹೋಗುತ್ತಾನೆ. ಎಲ್ಲ ಯೂನಿಟ್ಟಿನವರೂ 22,000 ಕೊಟ್ಟರೆ ಕೆಲಸ ಕಳೆದುಕೊಳ್ಳುವ ಭಯವೂ ತಗ್ಗುತ್ತದೆ. ಆಗ ಉಳಿಯುವುದು ಹೊರಗೆ ಕೂತ ನಿರುದ್ಯೋಗದ ಭಯ ಮಾತ್ರ.

ಕೇಳಿದವರು:
‘ಮೇಲ್ಗೂಲಿ’ ಅಂತ ಹಾಕಲಾ?

ಗಂಗಾವತಿಯಿಂದ:
ನಮ್ಮ ಹಮಾಲರು ಅದನ್ನು ಓಟಿ ಅಂದುಕೊಳ್ಳುತ್ತಾರೆ.