ಪದಚರ್ಚೆ: ಅರಿಸ್ಟಾಟಲನ ‘ಮೆಸೋಟೆಸ್’ ಕನ್ನಡದಲ್ಲಿ ಮಧ್ಯಮವೋ, ಹದವೋ?

ಕುಂಬಳೆಯಿಂದ:
ಸ್ನೇಹಿತರೇ, ಅರಿಸ್ಟಾಟಲನ ನೀತಿಶಾಸ್ತ್ರದ ಎರಡನೇ ಭಾಗವನ್ನು ನಮ್ಮೂರಿನ ಓದುಗರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಒಳ್ಳೆಯ ಗುಣ ಅತಿಗೂ ಕೊರತೆಗೂ ನಡುವೆ ಇರುತ್ತದೆ ಎನ್ನುತ್ತಾನೆ. ಆ ನಡುವಿಗೆ ಅವನ ಪದ ‘ಮೆಸೋಟೆಸ್’. ನಾನು ‘ಮಧ್ಯಮ’ ಎಂದು ಬರೆದೆ. ತಂಗಿ ಓದಿ, “ಧೈರ್ಯವಂತ ಅಂದ್ರೆ ಮಧ್ಯಮ ದರ್ಜೆಯವನಾ?” ಎಂದಳು. ಬೇರೆ ಪದ ಇದೆಯೇ?

ಹೊಸೂರಿನಿಂದ:
‘ಸರಾಸರಿ’ ಸಾಕು ಅಲ್ವಾ? ಒಂದು ತುದಿಯಲ್ಲಿ ಹೇಡಿ, ಇನ್ನೊಂದರಲ್ಲಿ ಹುಂಬ. ಸರಿಯಾಗಿ ಅರ್ಧಕ್ಕೆ ಧೀರ.

ಬದಿಯಡ್ಕದಿಂದ:
ನನಗೆ ಗ್ರೀಕ್ ಗೊತ್ತಿಲ್ಲ, ತೋಟದ ಮಾತು ಹೇಳುತ್ತೇನೆ. ಆಟಿ ತಿಂಗಳಲ್ಲಿ ಅಡಿಕೆಗೆ ಮದ್ದು ಬಿಡಲು ಇಬ್ಬರು ಬಂದಿದ್ದರು. ಒಬ್ಬ ನೆಲದಲ್ಲಿ ನಿಂತು “ಮಳೆ ಏನು ಮಾಡ್ತದೆ” ಎಂದು ಜೋರು ಮಾಡಿದ. ಅರ್ಧ ಮರ ಹತ್ತಿದಾಗ ಗಾಳಿ ಬಂತು, ಇಳಿದೇಬಿಟ್ಟ. ಇನ್ನೊಬ್ಬ ಮಾತಾಡಲಿಲ್ಲ. ಮರದ ಪಾಚಿ ಮುಟ್ಟಿ ನೋಡಿದ. ಬಿಸಿಲು ಬಿದ್ದು ಮರ ಆರುವ ತನಕ ಕಾದ. ಆಮೇಲೆ ಕಾಲಿಗೆ ತಳೆ ಹಾಕಿ ಹತ್ತಿದ. ನಾವು ಇದಕ್ಕೆ ಹದ ನೋಡುವುದು ಅಂತೇವೆ.

ಕಾಸರಗೋಡಿನಿಂದ:
ಅಕ್ಕ, ‘ಹದ’ವನ್ನೇ ಇಟ್ಟುಕೊಳ್ಳಿ. ಹುಂಬರು ಅಪಾಯ ಬರುವ ಮುಂಚೆ ಮುನ್ನುಗ್ಗುತ್ತಾರೆ, ಬಂದಾಗ ಹಿಂದೆ ಸರಿಯುತ್ತಾರೆ; ಧೀರರು ಮುಂಚೆ ಸುಮ್ಮನಿರುತ್ತಾರೆ ಎಂದು ಅರಿಸ್ಟಾಟಲನೂ ಮೂರನೇ ಭಾಗದಲ್ಲಿ ಬರೆದಿದ್ದಾನೆ.

‘ಸರಾಸರಿ’ಯನ್ನು ಅವನೇ ಬೇಡ ಅನ್ನುತ್ತಾನೆ. ಗ್ರೀಕರ ತೂಕದಲ್ಲಿ 10 ಮಿನಾ ಊಟ ಜಾಸ್ತಿ, 2 ಮಿನಾ ಕಡಿಮೆ ಆದರೆ, ಗರಡಿಯ ಗುರು ಎಲ್ಲರಿಗೂ 6 ಬಡಿಸುವುದಿಲ್ಲ. ಮಿಲೋ ಎಂಬ ಜಟ್ಟಿಗೆ ಅದು ಸಾಲದು, ಹೊಸದಾಗಿ ಗರಡಿಗೆ ಬಂದವನಿಗೆ ಜಾಸ್ತಿ. ಲೆಕ್ಕದ ನಡು ಬೇರೆ, ನಮಗೆ ಹೊಂದುವ ನಡು ಬೇರೆ. ಅದು ಎರಡು ತುದಿಗಳಿಂದ ಸಮದೂರದಲ್ಲೂ ಇರಬೇಕಿಲ್ಲ. ಧೈರ್ಯಕ್ಕೆ ಹೇಡಿತನಕ್ಕಿಂತ ಹುಂಬತನವೇ ಹತ್ತಿರ.

ಕೊಡುವುದರಲ್ಲೂ ಹೀಗೆಯೇ. ದಿನಗೂಲಿಯವ ಪಕ್ಕದ ಮನೆಯ ಮದುವೆಗೆ 500 ರೂಪಾಯಿ ಕೊಟ್ಟರೆ, 5,000 ಕೊಟ್ಟ ತೋಟದ ಧಣಿಗಿಂತ ಅವನ ಕೈ ದೊಡ್ಡದಿರಬಹುದು. ಯಾರಿಗೆ, ಯಾವಾಗ, ಎಷ್ಟು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಸಾಲ ಮಾಡಿ ಯಕ್ಷಗಾನದ ಆಟ ಆಡಿಸಿ, ಸಾಲ ಕೊಟ್ಟವನಿಗೆ ಮುಖ ತಪ್ಪಿಸಿ ಓಡಾಡುವವನು ಉದಾರಿಯಲ್ಲ.

ಒಂದು ಎಚ್ಚರ. ಕಳ್ಳತನಕ್ಕೆ, ಕೊಲೆಗೆ ಹದ ಇಲ್ಲ. ಆ ಹೆಸರಿನಲ್ಲೇ ತಪ್ಪಿದೆ ಎಂದು ಅವನೇ ಹೇಳಿದ್ದಾನೆ. ಅದನ್ನು ಬಿಡದೆ ಅನುವಾದಿಸಿ.

ಕುಂಬಳೆಯಿಂದ:
ಮಾಷ್ಟ್ರೇ, ‘ಹದ’ವೇ ಆಗಲಿ. ಈಗ ಇನ್ನೊಂದು ತೊಡಕು. ಕೊಡುವುದರ ಕೊರತೆಗೆ ‘ಜಿಪುಣತನ’ ಇದೆ. ಅತಿಗೆ ‘ದುಂದುಗಾರಿಕೆ’ ಎಂದರೆ ತನಗಾಗಿ ಖರ್ಚು ಮಾಡುವವನು ಕಣ್ಣಿಗೆ ಬರುತ್ತಾನೆ. ಅರಿಸ್ಟಾಟಲನ ಮನುಷ್ಯ ಇತರರಿಗೆ ಕೊಟ್ಟು ಕೊಟ್ಟೇ ಹಾಳಾಗುತ್ತಾನೆ. ‘ಧಾರಾಳಿ’ ಎಂದರೆ ಹೊಗಳಿದ ಹಾಗಾಗುತ್ತದೆ. ತುಳುವಿನಲ್ಲಾದರೂ ಇವನಿಗೊಂದು ಹೆಸರಿದೆಯೇ?