ಕರೆಂಟ್ ಹೋಗಿ ಬಂದ್ರ ಪ್ರಿಂಟರ್ ನಾಪತ್ತೆ: ಐಪಿ ಖಾಯಂ ಮಾಡೋದು ಹೆಂಗ?

ಸ್ಟುಡಿಯೋದವರು, ಗದಗ-ಬೆಟಗೇರಿ: ನಮಸ್ಕಾರ್ರಿ. ಎರಡು ಕಂಪ್ಯೂಟರ್, ಒಂದು ವೈಫೈ ಪ್ರಿಂಟರ್, ಮದುವಿ ಫೋಟೋ ಇಡಾಕ ಎರಡು ಡಿಸ್ಕಿನ ಸ್ಟೋರೇಜ್ ಡಬ್ಬಿ ಅದಾವ. ಕರೆಂಟ್ ಹೋಗಿ ಬಂದ್ರ ಪ್ರಿಂಟರ್ ಆಫ್‌ಲೈನ್ ಅಂತೈತಿ. ಮತ್ತ ಆಡ್ ಮಾಡಿ ಮಾಡಿ ಲಿಸ್ಟಿನ್ಯಾಗ ಒಂದೇ ಪ್ರಿಂಟರ್ ಮೂರು ಸಲ ಕುಂತೈತಿ. ಪ್ರಿಂಟರಿನಿಂದ ಸ್ಕ್ಯಾನ್ ಮಾಡಿದ್ದು ಡಬ್ಬಿಗೆ ಹೋಗೂದೂ ನಿಂತೈತಿ. ಇವೆರಡಕ್ಕ ಐಪಿ ಖಾಯಂ ಮಾಡೋದು ಹೆಂಗ್ರಿ?

ಅಂಗಡಿಯವರು, ಹಾವೇರಿ: ಸ್ಟ್ಯಾಟಿಕ್ ಐಪಿ ಬೇಕಂದ್ರ ಇಂಟರ್ನೆಟ್ ಕೊಟ್ಟವರಿಗೇ ಕೇಳ್ರಿ. ಬ್ಯಾರೆ ರೊಕ್ಕ ತಗೊಂಡು ಕೊಡ್ತಾರ. ಕ್ಯಾಮೆರಾ ಹೊರಗಿನಿಂದ ನೋಡಾಕ ನಾವೂ ಅದನ್ನ ತಗೊಂಡೀವಿ.

ಡಿಟಿಪಿ, ಧಾರವಾಡ: ರೊಕ್ಕ ಯಾಕ್ರಿ? ಪ್ರಿಂಟರಿನ ಮೆನುದಾಗ ನೆಟ್‌ವರ್ಕಿಗೆ ಹೋಗಿ Auto ತಗದು Manual ಮಾಡ್ರಿ, 192.168.1.50 ಅಂತ ಬರೀರಿ. ಡಬ್ಬಿಗೆ 51 ಕೊಡ್ರಿ. ಐದು ನಿಮಿಷದ ಕೆಲಸ.

ನೆಟ್‌ವರ್ಕ್ ಕೆಲಸ, ಹುಬ್ಬಳ್ಳಿ: ಹಾವೇರಿ ಅಣ್ಣಾರು ಹೇಳಿದ್ದು ಹೊರಗಿನ ಐಪಿ. ಇಲ್ಲಿ ಕೇಳಿದ್ದು ಅಂಗಡಿ ಒಳಗಿನ ನಂಬರು, ಅದಕ್ಕ ಯಾರಿಗೂ ರೊಕ್ಕ ಕೊಡಬೇಕಿಲ್ಲ.

ಧಾರವಾಡದವರ ಉಪಾಯ ಅರ್ಧ ಸರಿ. ಪ್ರಿಂಟರಿನ್ಯಾಗ 50 ಅಂತ ಬರೆದ್ರ ಅದು ಪ್ರಿಂಟರಿಗಷ್ಟೇ ಗೊತ್ತು, ರೌಟರಿಗೆ ಗೊತ್ತಿಲ್ಲ. ರೌಟರ್ ಹಂಚೋ ಸಾಲು 192.168.1.2ರಿಂದ 254ರ ತನಕ ಇದ್ರ 50 ಅದರೊಳಗೇ ಬಂತು. ಪ್ರಿಂಟರ್ ಆಫ್ ಇದ್ದ ಹೊತ್ತಿನ್ಯಾಗ ಗಿರಾಕಿಯ ಮೊಬೈಲಿಗೆ ಅದೇ 50 ಹೋದ್ರ, ಆಮ್ಯಾಲೆ ಒಂದೇ ನಂಬರಿಗೆ ಇಬ್ಬರು ಆಗ್ತಾರ. ಒಮ್ಮೆ ಪ್ರಿಂಟ್ ಬರ್ತೈತಿ, ಒಮ್ಮೆ ಬರಂಗಿಲ್ಲ, ಕಾರಣ ಹುಡುಕೂದೂ ಕಷ್ಟ. ಕೈಯಿಂದ ಬರೆಯೋದಾದ್ರ ಆ ಸಾಲಿನ ಹೊರಗಿನ ನಂಬರೇ ಬೇಕು.

ನಿಮ್ಮ ತೊಂದರೆಯ ಮೂಲನೂ ಅಲ್ಲೇ ಐತಿ. ಯಾರಿಗೆ ಯಾವ ನಂಬರ್ ಕೊಟ್ಟೀನಿ ಅನ್ನೋ ಪಟ್ಟಿಯನ್ನ ಬಹಳಷ್ಟು ಸಣ್ಣ ರೌಟರ್‌ಗಳು ಕರೆಂಟ್ ಹೋದ ಕೂಡಲೇ ಮರೀತಾವ. ಕರೆಂಟ್ ಬಂದಾಗ ಬ್ಯಾಟರಿ ಮ್ಯಾಲಿರೋ ಮೊಬೈಲ್‌ಗಳು ಮೊದಲು ಕೇಳ್ತಾವ, ಪ್ರಿಂಟರ್ ಬಿಸಿ ಆಗಿ ಏಳೋ ಹೊತ್ತಿಗೆ ಅದರ ಹಳೇ ನಂಬರ್ ಬ್ಯಾರೆಯವರ ಕೈಯಾಗ ಇರಬಹುದು. ಕಂಪ್ಯೂಟರ್ ಮಾತ್ರ ಹಳೇ ನಂಬರಿಗೇ ಕಳಿಸ್ತಾ ಕೂಡ್ತೈತಿ. ಸ್ಕ್ಯಾನಿನದೂ ಇದೇ ಕಥಿ: ಪ್ರಿಂಟರ್ ಒಳಗ ಡಬ್ಬಿಯ ಹಳೇ ಐಪಿ ಬರೆದಿಟ್ಟಿರ್ತಾರ, ಡಬ್ಬಿ ಬ್ಯಾರೆ ನಂಬರಿಗೆ ಹೋಗಿರ್ತೈತಿ.

ಆದ್ದರಿಂದ ಪ್ರಿಂಟರನ್ನೂ ಡಬ್ಬಿಯನ್ನೂ Autoದಾಗೇ ಬಿಡ್ರಿ, ಕಟ್ಟಿಹಾಕೋದು ರೌಟರಿನ್ಯಾಗ. ಮೊದಲು ಎರಡರ ಮ್ಯಾಕ್ ಅಡ್ರೆಸ್, ಅಂದ್ರ ಸಾಧನಕ್ಕ ಕಂಪನಿಯವರೇ ಕೊಟ್ಟ ಗುರುತಿನ ನಂಬರ್, ಬರಕೊಳ್ರಿ. ಪ್ರಿಂಟರಿನ ನೆಟ್‌ವರ್ಕ್ ರಿಪೋರ್ಟ್ ಪ್ರಿಂಟ್ ತಗದ್ರ ಅದರಾಗ ಎರಡು ಇರಬಹುದು, ಒಂದು ವೈಫೈದು, ಒಂದು ಕೇಬಲ್‌ದು. ನಿಮ್ಮದು ವೈಫೈ ಅಂದಮ್ಯಾಲೆ ವೈಫೈದೇ ಬೇಕು. ಜನ ಎಡವೋದು ಇಲ್ಲೇ. ಡಬ್ಬಿಗೆ ಎರಡು ಕೇಬಲ್ ತೂತು ಇದ್ರ, ಕೇಬಲ್ ಹಾಕಿದ ತೂತಿನದನ್ನೇ ತಗೊಳ್ರಿ. ಮ್ಯಾಕ್‌ದಾಗ 0ಯಿಂದ 9, Aಯಿಂದ F ಅಷ್ಟೇ ಬರ್ತಾವ. ಹಂಗಾಗಿ ಗುಂಡಗೆ ಕಂಡದ್ದು ಸೊನ್ನೀನೇ, O ಅಲ್ಲ. 8 ಮತ್ತು B ಮಾತ್ರ ಎರಡು ಸಲ ನೋಡ್ರಿ.

ಆಮ್ಯಾಲೆ ಬ್ರೌಸರಿನ್ಯಾಗ ರೌಟರಿನ ವಿಳಾಸ 192.168.1.1 ತಗದು, ನಂಬರ್ ಹಂಚೋ ಡಿಎಚ್‌ಸಿಪಿ ಪುಟಕ್ಕ ಹೋಗ್ರಿ. Address Reservation ಅಂತಲೋ Static DHCP ಅಂತಲೋ ಇರ್ತೈತಿ, ಕಂಪನಿಗೊಂದು ಹೆಸರು. ಪ್ರಿಂಟರಿನ ಮ್ಯಾಕ್ ಎದುರು 192.168.1.200, ಡಬ್ಬಿ ಎದುರು 192.168.1.201 ಬರೆದು ಸೇವ್ ಮಾಡ್ರಿ. ಬರೆಯೋ ಮೊದಲು ಈಗ ಕನೆಕ್ಟ್ ಆದವರ ಪಟ್ಟಿ ನೋಡಿ, ಆ ಎರಡು ನಂಬರ್ ಯಾರ ಕಡೆನೂ ಇಲ್ಲ ಅಂತ ಖಾತ್ರಿ ಮಾಡ್ಕೊಳ್ರಿ. ಒಮ್ಮೆ ಬರೆದಮ್ಯಾಲೆ ರೌಟರ್ ಆ ನಂಬರನ್ನ ಮತ್ತೊಬ್ಬರಿಗೆ ಹಂಚಂಗಿಲ್ಲ.

ಸೇವ್ ಮಾಡಿದ ಕೂಡಲೇ ನಂಬರ್ ಬದಲಾಗಲಿಲ್ಲ ಅಂತ ಗಾಬರಿ ಬ್ಯಾಡ. ಹಳೇ ನಂಬರಿನ ಅವಧಿ ಅರ್ಧ ಕಳೆದಮ್ಯಾಲೇ ಪ್ರಿಂಟರ್ ಮತ್ತ ಕೇಳೋದು. ಪ್ರಿಂಟರನ್ನ ಆಫ್ ಮಾಡಿ ಆನ್ ಮಾಡ್ರಿ. ಡಬ್ಬಿಯ ಪ್ಲಗ್ ಮಾತ್ರ ಕೀಳಬ್ಯಾಡ್ರಿ, ಅದರ ಮೆನುದಿಂದ ರೀಸ್ಟಾರ್ಟ್ ಮಾಡ್ರಿ.

ಸ್ಟುಡಿಯೋದವರು, ಗದಗ-ಬೆಟಗೇರಿ: ಮಾಡಿದೆ ಅಕ್ಕಾರ. ಡಬ್ಬಿ 201ಕ್ಕ ಬಂತು. ಪ್ರಿಂಟರಿನ ರಿಪೋರ್ಟಿನ್ಯಾಗೂ 200 ಅಂತ ಬಂದೈತಿ. ಆದ್ರ ಕಂಪ್ಯೂಟರ್ ಇನ್ನೂ ಆಫ್‌ಲೈನ್ ಅಂತೈತಿ.

ನೆಟ್‌ವರ್ಕ್ ಕೆಲಸ, ಹುಬ್ಬಳ್ಳಿ: ಮೊದಲು 200ರಾಗ ಕುಂತದ್ದು ಪ್ರಿಂಟರೇ ಹೌದೋ ಅಲ್ಲೋ ನೋಡ್ರಿ. ಕಮಾಂಡ್ ಪ್ರಾಂಪ್ಟಿನ್ಯಾಗ ಹಿಂಗ ಹೊಡೀರಿ:

```
ping 192.168.1.200
arp -a
```

ಎರಡನೇದರ ಪಟ್ಟಿಯೊಳಗ 200ರ ಎದುರು ಬಂದ ಮ್ಯಾಕ್, ರಿಪೋರ್ಟಿನ ಮ್ಯಾಕ್ ಎರಡೂ ಒಂದೇ ಇರಬೇಕು. ವಿಂಡೋಸ್ ನಡುವೆ ಅಡ್ಡಗೆರೆ ಹಾಕ್ತೈತಿ, ರಿಪೋರ್ಟಿನ್ಯಾಗ ಎರಡು ಚುಕ್ಕಿ ಇರಬಹುದು, ಅದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ. ಬ್ಯಾರೆ ಇದ್ರ ಆ ನಂಬರಿನ ಮ್ಯಾಲೆ ಮತ್ತೊಂದು ಸಾಧನ ಕುಂತೈತಿ.

ಒಂದೇ ಇದ್ರ ತಪ್ಪು ವಿಂಡೋಸ್ ಕಡೆ. Printer propertiesದಾಗ Ports ತಗೀರಿ. ಟಿಕ್ ಇರೋ ಪೋರ್ಟ್ ಹಳೇ ಐಪಿ ಇರ್ತೈತಿ, ಇಲ್ಲಾ WSD ಅಂತ ಶುರುವಾಗ್ತೈತಿ. Add Port ಒತ್ತಿ Standard TCP/IP Port ಆರಿಸಿ 192.168.1.200 ಕೊಡ್ರಿ. ಎರಡೂ ಕಂಪ್ಯೂಟರಿನ್ಯಾಗ ಮಾಡ್ರಿ, ಹೆಚ್ಚಿನ ಕಾಪಿಗಳನ್ನ ಅಳಿಸಿ ಹಾಕ್ರಿ. ಪ್ರಿಂಟರ್ ಒಳಗಿನ ಸ್ಕ್ಯಾನ್ ಸೆಟ್ಟಿಂಗಿನ್ಯಾಗೂ ಡಬ್ಬಿಯ ವಿಳಾಸ ತಿದ್ದಬೇಕು, ಫೋಲ್ಡರಿನ ಹೆಸರು scan ಅಂತಿದ್ರ ಹಿಂಗ:

```
\\192.168.1.201\scan
```

ಡಿಟಿಪಿ, ಧಾರವಾಡ: ಸಾಲಿನ ಹೊರಗ ಅನ್ನೋದು ನಮಗ ಗೊತ್ತಿರಲಿಲ್ರಿ. ಆದ್ರೂ ಒಂದು ಮಾತು: ರೌಟರ್ ಸುಟ್ಟು ಹೊಸಾದು ತಂದ್ರ ನಿಮ್ಮ ರಿಸರ್ವೇಶನ್ ಎಲ್ಲಾ ಹೋತಲ್ಲ? ಪ್ರಿಂಟರಿನ್ಯಾಗ ಬರೆದದ್ದು ಉಳೀತೈತಿ.

ನೆಟ್‌ವರ್ಕ್ ಕೆಲಸ, ಹುಬ್ಬಳ್ಳಿ: ಹೋಗ್ತೈತಿ, ಖರೆ. ರಿಸೆಟ್ ಒತ್ತಿದ್ರೂ ಹೋಗ್ತೈತಿ. ಅದಕ್ಕ ಎರಡು ಮ್ಯಾಕ್, ಎರಡು ನಂಬರ್ ಒಂದು ಚೀಟಿಯಾಗ ಬರೆದು ರೌಟರಿನ ಕೆಳಗ ಅಂಟಿಸ್ರಿ. ಆದ್ರ ಹೊಸ ರೌಟರ್ 192.168.0 ಸಾಲಿನದು ಬಂದ್ರ, ಪ್ರಿಂಟರಿನ್ಯಾಗ ಕೈಯಿಂದ ಬರೆದದ್ದು ಉಳಿದೂ ಉಪಯೋಗಕ್ಕ ಬರಂಗಿಲ್ಲ.

ಸ್ಟುಡಿಯೋದವರು, ಗದಗ-ಬೆಟಗೇರಿ: ಪೋರ್ಟ್ WSD ಇತ್ರಿ. ಬದಲಿ ಮಾಡಿದೆ, ಒಂದು ಕಂಪ್ಯೂಟರಿನ್ಯಾಗ ಪ್ರಿಂಟ್ ಬಂತು. ಎರಡನೇದರಾಗ ಮ್ಯಾಕ್ ಸರಿ ಐತಿ, ಪಿಂಗ್ ಬರ್ತೈತಿ, ಆದ್ರೂ ಆಫ್‌ಲೈನ್.

ನೆಟ್‌ವರ್ಕ್ ಕೆಲಸ, ಹುಬ್ಬಳ್ಳಿ: ಅದೇ ಪೋರ್ಟಿನ Configure Port ಒಳಗ SNMP Status Enabled ಅನ್ನೋ ಟಿಕ್ ತಗದು ನೋಡ್ರಿ. ಅದು ಇದ್ರ ವಿಂಡೋಸ್ ಪ್ರಿಂಟರಿಗೆ ಹೆಂಗಿದ್ದಿ ಅಂತ ಕೇಳ್ತಿರ್ತೈತಿ. ಆ ಪ್ರಶ್ನೆಗೆ ಪ್ರಿಂಟರ್ ಉತ್ತರ ಕೊಡದಿದ್ರ, ಎದುರಿಗೇ ಇದ್ರೂ ವಿಂಡೋಸ್ ಆಫ್‌ಲೈನ್ ಅಂತೈತಿ.

ಅಂಗಡಿಯವರು, ಹಾವೇರಿ: ನಮ್ಮಲ್ಲೂ ಪ್ರಿಂಟರ್ ಹಿಂಗ ಮಾಡ್ತೈತ್ರಿ. ರಿಸರ್ವ್ ಮಾಡಿದ್ರೂ ರಿಪೋರ್ಟಿನ್ಯಾಗ 192.168.0.104 ಅಂತ ಬರ್ತೈತಿ. ನಾವು ಬರೆದದ್ದು 192.168.1.60.

ನೆಟ್‌ವರ್ಕ್ ಕೆಲಸ, ಹುಬ್ಬಳ್ಳಿ: ಅಣ್ಣಾರ, ಮೂರನೇ ಅಂಕಿನೇ ಬ್ಯಾರೆ ಐತಿ ನೋಡ್ರಿ. ನಿಮ್ಮಲ್ಲಿ ನಂಬರ್ ಹಂಚೋ ರೌಟರ್ ಎರಡು ಅದಾವ. ಇಂಟರ್ನೆಟ್‌ನವರು ಹಾಕಿದ್ದೊಂದು, ನೀವು ತಂದದ್ದೊಂದು. ಪ್ರಿಂಟರ್ ಒಂದರ ವೈಫೈಗೆ ಸೇರೈತಿ, ನೀವು ಬರೆದದ್ದು ಇನ್ನೊಂದರಾಗ. ಪ್ರಿಂಟರ್, ಕಂಪ್ಯೂಟರ್ ಎಲ್ಲಾ ಒಂದೇ ವೈಫೈಗೆ ತಂದು ಆ ರೌಟರಿನ್ಯಾಗ ರಿಸರ್ವ್ ಮಾಡ್ರಿ. ನೀವು ತಂದದ್ದನ್ನ Access Point ಮೋಡಿಗೆ ಹಾಕಿದ್ರ ಇನ್ನೂ ಚೊಲೋ, ಆವಾಗ ಹಂಚೋದು ಒಂದೇ ಉಳೀತೈತಿ.

ಅಂಗಡಿಯವರು, ಹಾವೇರಿ: ಇಂಟರ್ನೆಟ್‌ನವರ ಡಬ್ಬಿಯೊಳಗ ಲಾಗಿನ್ ಆದ್ರ ವೈಫೈ ಹೆಸರು, ಪಾಸ್‌ವರ್ಡ್ ಬಿಟ್ಟು ಏನೂ ಕಾಣಂಗಿಲ್ರಿ. ಡಿಎಚ್‌ಸಿಪಿ ಪುಟನೇ ಇಲ್ಲ.

ನೆಟ್‌ವರ್ಕ್ ಕೆಲಸ, ಹುಬ್ಬಳ್ಳಿ: ಹಂಗಾರ ಆ ಲಾಗಿನ್ನಿಗೆ ಅಷ್ಟೇ ಅಧಿಕಾರ ಕೊಟ್ಟಾರ. ಪೂರಾ ಲಾಗಿನ್ ಕೊಡ್ತಾರೋ ಇಲ್ಲೋ ಅವರಿಗೇ ಕೇಳಬೇಕು. ಕೊಡದಿದ್ರ Access Point ಮೋಡ್ ಬಿಡ್ರಿ. ನಿಮ್ಮ ರೌಟರ್ ರೌಟರಾಗೇ ಇರಲಿ, ಎಲ್ಲಾ ಸಾಧನ ಅದರ ಕೆಳಗ ಇರಲಿ. ಆದ್ರ ಹೊರಗಿನಿಂದ ಕ್ಯಾಮೆರಾ ನೋಡ್ತೀವಿ ಅಂದ್ರಲ್ಲ, ಅದು ಈಗ ಯಾವ ರೌಟರಿಗೆ ಸೇರೈತಿ?