ಅಪ್‌ಡೇಟ್: ಒಂದೂವರೆ ಟನ್ ಏಸಿ ವಿಷಯ ಬಗೆಹರಿಯಿತು

ನಾನು ಕೇಳಿದ್ದು: "ಎರಡು ಏಸಿ ನೋಡಿದ್ದೇನೆ. ಎರಡೂ ಒಂದೂವರೆ ಟನ್, ಫೈವ್ ಸ್ಟಾರ್, ಕಂಪ್ರೆಸರ್‌ಗೆ 10 ವರ್ಷ ವಾರಂಟಿ. ರೇಟ್ ಮಾತ್ರ ಬೇರೆ ಬೇರೆ. ತುಮಕೂರಿನಲ್ಲಿ ತಾರಸಿ ಕೆಳಗಿನ ರೂಮಿಗೆ ಯಾವುದು ಸರಿ?"

"ಟನ್ ಬಿಡಿ, ಸ್ಟಾರ್ ಇರುವ ಬಿಇಇ ಲೇಬಲ್‌ನಲ್ಲಿ ವ್ಯಾಟ್ ನೋಡಿ" ಅಂದವರ ಸಲಹೆಯೇ ಕೆಲಸಕ್ಕೆ ಬಂತು. ಈ ವ್ಯಾಟ್ ತಂಪು ಮಾಡುವ ಸಾಮರ್ಥ್ಯ, ಎಳೆಯುವ ಕರೆಂಟ್ ಅಲ್ಲ; ಒಂದು ಟನ್ ಅಂದ್ರೆ ಸುಮಾರು 3,517 ವ್ಯಾಟ್. ಹಾಗಾದರೆ ಒಂದೂವರೆ ಟನ್‌ಗೆ ಸುಮಾರು 5,275 ಬರಬೇಕು. ಲೇಬಲ್ ಫೋಟೋ ದೊಡ್ಡದು ಮಾಡಿ ನೋಡಿದರೆ ಅಗ್ಗದ್ದರಲ್ಲಿ 4,750, ಇನ್ನೊಂದರಲ್ಲಿ 5,200. ಮಧ್ಯಾಹ್ನವೆಲ್ಲ ತಾರಸಿ ಕಾಯುವ ರೂಮಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಎರಡನೆಯದನ್ನೇ ತಗೊಂಡೆ. ರೂಮು ಚೆನ್ನಾಗಿ ತಂಪಾಗುತ್ತಿದೆ.

"ಲೇಬಲ್‌ನಲ್ಲಿ ವರ್ಷದ ಕರೆಂಟ್ ಯೂನಿಟ್ ಕಡಿಮೆ ಇರೋದನ್ನ ಆರಿಸಿ" ಅನ್ನೋ ಸಲಹೆ ಇಲ್ಲಿ ಹೊಂದಲಿಲ್ಲ. ಅದು ಏಸಿ ವರ್ಷಕ್ಕೆ 1,600 ಗಂಟೆ ಓಡಿದರೆ ಎಷ್ಟು ಕರೆಂಟ್ ಅನ್ನೋ ಲೆಕ್ಕ. ಸಣ್ಣ ಮೆಷಿನ್‌ಗೆ ಅದು ಕಡಿಮೆ ಬರೋದು ಸಹಜ ಅಲ್ವಾ? ಹೋಲಿಸಬೇಕಾದ್ದು ಅದೇ ಲೇಬಲ್‌ನಲ್ಲಿರುವ ಐಸೀರ್ ಅಂಕಿ, ಅಂದ್ರೆ ಖರ್ಚಾದ ಕರೆಂಟಿಗೆ ಎಷ್ಟು ತಂಪು ಸಿಗುತ್ತೆ ಅನ್ನೋದು. ಜಾಸ್ತಿ ಇದ್ದಷ್ಟೂ ಒಳ್ಳೆಯದು.

ನನಗೆ ಆಶ್ಚರ್ಯ ಆಗಿದ್ದು ವಾರಂಟಿ ಕಾರ್ಡ್ ಓದಿದಾಗ. 10 ವರ್ಷ ಇರೋದು ಕಂಪ್ರೆಸರ್‌ಗೆ ಮಾತ್ರ. ಮೊದಲ ವರ್ಷ ಕಳೆದ ಮೇಲೆ ಅದನ್ನು ಬದಲಾಯಿಸಿದರೆ ಗ್ಯಾಸ್, ಕೂಲಿ ನಮ್ಮದೇ. ಲಿಸ್ಟಿಂಗ್‌ನಲ್ಲಿ ಈ ಮಾತೇ ಇರಲಿಲ್ಲ. ಬಾಕ್ಸ್‌ನಲ್ಲಿ ಬಂದ ತಾಮ್ರದ ಪೈಪ್ 3 ಮೀಟರ್, ನಮಗೆ ಬೇಕಾಗಿದ್ದು 5. ಮಿಕ್ಕ ಪೈಪ್, ಹೊರಗಿನ ಯೂನಿಟ್‌ನ ಸ್ಟ್ಯಾಂಡ್, ಎರಡಕ್ಕೂ ಬೇರೆ ದುಡ್ಡು ಕೊಟ್ಟೆವು. ಆರ್ಡರ್ ಮಾಡುವ ಮೊದಲೇ ಟೇಪ್ ಹಿಡಿದು ಅಳೆದುಕೊಳ್ಳಿ.